ಎಣ್ಣೆ ನೀರಲ್ಲಿ ಯಾಕೆ ಕರಗಲ್ಲ, ಪೆಟ್ರೋಲಲ್ಲಿ ಯಾಕೆ ತಕ್ಷಣ ಕರಗುತ್ತೆ

ಹಳೇ ಟೂ ಸ್ಟ್ರೋಕ್ ಗಾಡಿ ಓಡಿಸಿದವರಿಗೆ ಇದು ಗೊತ್ತಿರುತ್ತೆ, ಬಂಕಲ್ಲಿ ಪೆಟ್ರೋಲ್ ಹಾಕಿಸುವಾಗ ಜೊತೆಗೆ 2ಟಿ ಆಯಿಲ್ ಹಾಕಿಸಬೇಕಿತ್ತು, ಲೀಟರಿಗೆ ಸುಮಾರು 20 ಮಿಲಿ, ಹಾಕಿ ಗಾಡಿ ಎರಡು ಸಲ ಅಲ್ಲಾಡಿಸಿದ್ರೆ ಮುಗೀತು. ಆಯಿಲ್ ಪೆಟ್ರೋಲಲ್ಲಿ ಕರಗಿ ಹೋಗ್ತಿತ್ತು, ವಾರ ಬಿಟ್ಟು ನೋಡಿದ್ರೂ ಬೇರೆ ಆಗ್ತಿರ್ಲಿಲ್ಲ. ಅದೇ ಎಣ್ಣೆನ ಒಂದು ಬಾಟಲಿ ನೀರಿಗೆ ಹಾಕಿ ಕೈ ನೋಯೋವರೆಗೂ ಕುಲುಕಿ, ಬೆಳ್ಳಗೆ ಮಬ್ಬಾಗುತ್ತೆ, ಆಮೇಲೆ ಇಟ್ಟು ಸ್ವಲ್ಪ ಹೊತ್ತಾದ್ಮೇಲೆ ನೋಡಿದ್ರೆ ಎಣ್ಣೆ ಮತ್ತೆ ಮೇಲೆ ಬಂದು ಕೂತಿರುತ್ತೆ.

ಇಲ್ಲೇ ಒಂದು ವಿಷಯ ಹೇಳಿಬಿಡ್ತೀನಿ. ಬೆರೆಯೋದು ಬೇರೆ, ಕರಗೋದು ಬೇರೆ. ಹಾಲಲ್ಲಿ ಕೊಬ್ಬು ಇದೆ ಆದ್ರೆ ಕರಗಿಲ್ಲ, ಸಣ್ಣ ಸಣ್ಣ ಹನಿಗಳಾಗಿ ತೇಲ್ತಾ ಇದೆ, ಅದಕ್ಕೇ ಹಾಲು ಬೆಳ್ಳಗೆ ಕಾಣೋದು, ಅದಕ್ಕೇ ಕೆನೆ ಕಟ್ಟೋದು. ನಿಜವಾಗಿ ಕರಗಿದ್ರೆ ಒಂದೊಂದು ಅಣುನೂ ಬೇರೆ ಬೇರೆಯಾಗಿ ಹರಡಿಕೊಂಡಿರುತ್ತೆ, ದ್ರವದ ಮೂಲಕ ಆಚೆ ಕಡೆ ಕಾಣುತ್ತೆ, ಎಷ್ಟು ದಿನ ಇಟ್ಟರೂ ಪದರ ಕಟ್ಟಲ್ಲ. ಪೆಟ್ರೋಲಲ್ಲಿ ಎಣ್ಣೆಗೆ ಆಗೋದು ಇದು.

ಪಿಯುಸಿ ಕೆಮಿಸ್ಟ್ರಿಲಿ ಇದಕ್ಕೆ ಒಂದು ಸಾಲಿನ ಉತ್ತರ ಕೊಟ್ಟಿರ್ತಾರೆ, ಲೈಕ್ ಡಿಸಾಲ್ವ್ಸ್ ಲೈಕ್, ಒಂದೇ ಥರದ್ದು ಒಂದೇ ಥರದ್ದರಲ್ಲಿ ಕರಗುತ್ತೆ ಅಂತ. ನೀರು ಪೋಲಾರ್, ಅಂದ್ರೆ ಅಣುವಲ್ಲಿ ಧನ ಋಣ ಅಂತ ತುದಿಗಳಿವೆ, ಎಣ್ಣೆ ನಾನ್‌ಪೋಲಾರ್, ಅಂದ್ರೆ ಅಂಥ ತುದಿಗಳಿಲ್ಲ, ಅದಕ್ಕೇ ಆಗಿಬರಲ್ಲ. ಪರೀಕ್ಷೆಗೆ ಸಾಕು. ಆದ್ರೆ ಇದನ್ನ ಕೇಳಿದವರಲ್ಲಿ ಬಹಳಷ್ಟು ಜನರ ತಲೇಲಿ ಉಳಿಯೋದು ಏನಂದ್ರೆ ಎಣ್ಣೆ ನೀರನ್ನ ದೂರ ತಳ್ಳುತ್ತೆ, ಎರಡಕ್ಕೂ ಪರಸ್ಪರ ವೈರ ಅಂತ. ಇದು ತಪ್ಪು, ಮತ್ತೆ ಈ ತಪ್ಪು ಸರಿಯಾಗದೆ ಮುಂದಿನದ್ದು ಯಾವುದೂ ಅರ್ಥ ಆಗಲ್ಲ.

ಎಣ್ಣೆಗೂ ನೀರಿಗೂ ಮಧ್ಯೆ ಆಕರ್ಷಣೆನೇ ಇದೆ. ನೀರಿನ ಮೇಲೆ ಒಂದು ಹನಿ ಎಣ್ಣೆ ಬಿಟ್ಟರೆ ಏನಾಗುತ್ತೆ ಅಂತ ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್ ಕಾಮನ್ ಕೆರೆಯಲ್ಲಿ ಮಾಡಿ ನೋಡಿ 1774ರಲ್ಲಿ ಪ್ರಕಟಿಸಿದ್ದ, ಒಂದು ಟೀ ಚಮಚದಷ್ಟು ಎಣ್ಣೆ ಅರ್ಧ ಎಕರೆಯಷ್ಟು ನೀರಿನ ಮೇಲೆ ಹರಡಿಕೊಂಡಿತಂತೆ. ಲೆಕ್ಕ ಹಾಕಿ, 5 ಮಿಲಿ ಎಣ್ಣೆ ಸುಮಾರು 2000 ಚದರ ಮೀಟರಿಗೆ ಹರಡಿದ್ರೆ ಪದರದ ದಪ್ಪ ಎರಡೂವರೆ ನ್ಯಾನೋಮೀಟರ್ ಬರುತ್ತೆ, ಅಂದ್ರೆ ಹೆಚ್ಚೂಕಮ್ಮಿ ಒಂದೇ ಒಂದು ಅಣುವಿನಷ್ಟು. ನೀರು ಅಂದ್ರೆ ಆಗದೇ ಇರೋ ವಸ್ತು ಹೀಗೆ ಒಂದೊಂದು ಅಣುನೂ ನೀರಿಗೆ ತಾಗೋ ಹಾಗೆ ಹರಡಿಕೊಳ್ಳುತ್ತಾ? ಉಂಡೆ ಕಟ್ಟಿಕೊಂಡು ಆದಷ್ಟು ಕಡಿಮೆ ಜಾಗದಲ್ಲಿ ತಾಗಿ ನಿಲ್ಲಬೇಕಿತ್ತು. ಹಾಗಾದ್ರೆ ಸಾರಿನ ಮೇಲೆ ಎಣ್ಣೆ ಯಾಕೆ ದುಂಡು ದುಂಡಗೆ ನಿಲ್ಲುತ್ತೆ ಅಂತ ಕೇಳಬಹುದು. ಅಲ್ಲಿ ಮೇಲ್ಮೈ ಪೂರ್ತಿ ಆಗಲೇ ತೆಳು ಎಣ್ಣೆ ಪದರದಿಂದ ಮುಚ್ಚಿ ಹೋಗಿರುತ್ತೆ, ಜಾಗ ಸಿಗದ ಮಿಕ್ಕಿದ ಎಣ್ಣೆ ಚುಕ್ಕೆ ಕಟ್ಟಿಕೊಂಡಿರುತ್ತೆ.

ಈ ಆಕರ್ಷಣೆ ಎಷ್ಟು ಅಂತ ಅಳೆದೂ ಇದ್ದಾರೆ. ಎಣ್ಣೆ ಬದಲು ಆಕ್ಟೇನ್ ತಗೊಳ್ಳೋಣ, ಎಂಟು ಕಾರ್ಬನ್ ಸಾಲಾಗಿರೋ ಅಣು, ಪೆಟ್ರೋಲಲ್ಲಿ ಇರೋ ಥರದ್ದೇ, ಲೆಕ್ಕಕ್ಕೆ ಸುಲಭ. ಒಂದು ಚದರ ಮೀಟರಿನಷ್ಟು ಆಕ್ಟೇನನ್ನ ಆಕ್ಟೇನಿನಿಂದಲೇ ಬಿಡಿಸಬೇಕು ಅಂದ್ರೆ 43 ಮಿಲಿಜೂಲ್ ಶಕ್ತಿ ಬೇಕು. ಅಷ್ಟೇ ಜಾಗದಲ್ಲಿ ಆಕ್ಟೇನನ್ನ ನೀರಿನಿಂದ ಬಿಡಿಸೋದಕ್ಕೆ ಸುಮಾರು 44 ಬೇಕು. ಅಂದ್ರೆ ಆಕ್ಟೇನ್ ತನಗೆ ತಾನು ಎಷ್ಟು ಅಂಟಿಕೊಂಡಿದೆಯೋ ನೀರಿಗೂ ಅಷ್ಟೇ ಅಂಟಿಕೊಳ್ಳುತ್ತೆ, ಅದಕ್ಕೆ ನೀರಿನ ಪಕ್ಕ ಇದ್ದರೂ ಒಂದೇ, ತನ್ನವರ ಪಕ್ಕ ಇದ್ದರೂ ಒಂದೇ. ಈಗ ನೀರನ್ನ ನೀರಿನಿಂದ ಬಿಡಿಸಿ ನೋಡಿ, ಸುಮಾರು 145 ಬೇಕು. ಮೂರು ಪಟ್ಟಿಗಿಂತ ಜಾಸ್ತಿ. ಇಡೀ ವಿಷಯ ಈ ಒಂದು ಸಂಖ್ಯೆಯಲ್ಲಿದೆ ಅಂತ ನನಗನ್ನಿಸುತ್ತೆ, ಬೇಡ ಅನ್ನೋದು ಎಣ್ಣೆ ಅಲ್ಲ, ನೀರು ನೀರನ್ನ ಬಿಟ್ಟುಕೊಡಲ್ಲ. ದ್ರಾವಣಗಳ ಬಗ್ಗೆ ಜೀವಮಾನ ಪೂರ್ತಿ ಕೆಲಸ ಮಾಡಿದ ಅಮೆರಿಕದ ಕೆಮಿಸ್ಟ್ ಜೋಯೆಲ್ ಹಿಲ್ಡೆಬ್ರಾಂಡ್ 1979ರಲ್ಲಿ, ತಮ್ಮ 97ನೇ ವಯಸ್ಸಲ್ಲಿ, ಎಣ್ಣೆಗೆ ನೀರು ಅಂದ್ರೆ ಭಯ ಅನ್ನೋ ಮಾತೇ ಸರಿಯಲ್ಲ, ಎರಡರ ಮಧ್ಯೆ ಆಕರ್ಷಣೆ ಇದೆ ಅಂತ ಬರೆದು ವಾದ ಮಾಡಿದ್ರು.

ನೀರು ಯಾಕೆ ಇಷ್ಟು ಗಟ್ಟಿಯಾಗಿ ಹಿಡಿದುಕೊಂಡಿರುತ್ತೆ ಅಂದ್ರೆ, ನೀರಿನ ಅಣುವಲ್ಲಿ ಆಕ್ಸಿಜನ್ ಎಲೆಕ್ಟ್ರಾನುಗಳನ್ನ ತನ್ನ ಕಡೆ ಎಳೆದುಕೊಂಡು ಸ್ವಲ್ಪ ಋಣ ಆಗಿರುತ್ತೆ, ಎರಡು ಹೈಡ್ರೋಜನ್ನುಗಳು ಸ್ವಲ್ಪ ಧನ ಆಗಿರುತ್ತವೆ, ಒಂದರ ಹೈಡ್ರೋಜನ್ ಪಕ್ಕದ್ದರ ಆಕ್ಸಿಜನ್ನಿಗೆ ಕೊಂಡಿ ಹಾಕಿಕೊಳ್ಳುತ್ತೆ. ಇದು ಹೈಡ್ರೋಜನ್ ಬಾಂಡ್. ಒಂದು ಅಣು ಒಟ್ಟಿಗೆ ನಾಲ್ಕು ಜನರ ಜೊತೆ ಇಂಥ ಕೊಂಡಿ ಹಾಕಬಹುದು, ಅದೂ ಅಣು ಬಹಳ ಚಿಕ್ಕದಾಗಿರೋದ್ರಿಂದ ಒಂದು ಚಮಚ ನೀರಲ್ಲಿ ಈ ಕೊಂಡಿಗಳು ಒತ್ತೊತ್ತಾಗಿ ತುಂಬಿಕೊಂಡಿರುತ್ತವೆ.

ಎಣ್ಣೆ ಅಣುಗಳ ನಡುವೆ ಇರೋದು ಬೇರೆ ಥರದ ಸೆಳೆತ. ಕಡಲೆಕಾಯಿ ಎಣ್ಣೆಯಲ್ಲಿರೋ ಟ್ರೈಓಲಿಯಿನ್ ಅನ್ನೋ ಅಣುವಿನ ಫಾರ್ಮುಲಾ C57H104O6, ಅಂದ್ರೆ 57 ಕಾರ್ಬನ್, 104 ಹೈಡ್ರೋಜನ್, ಬರೀ ಆರು ಆಕ್ಸಿಜನ್. ಒಂದು ಕಡೆ ಗ್ಲಿಸರಿನ್ ತುಂಡು, ಅದಕ್ಕೆ ನೇತುಬಿದ್ದ ಮೂರು ಉದ್ದದ ಬಾಲ, ಒಂದೊಂದರಲ್ಲೂ 18 ಕಾರ್ಬನ್. ಕಾರ್ಬನ್ ಹೈಡ್ರೋಜನ್ ಎರಡೂ ಎಲೆಕ್ಟ್ರಾನನ್ನ ಹೆಚ್ಚೂಕಮ್ಮಿ ಸಮನಾಗಿ ಹಂಚಿಕೊಳ್ಳೋದ್ರಿಂದ ಬಾಲದಲ್ಲಿ ಎಲ್ಲೂ ಧನ ಋಣ ಅಂತ ತುದಿ ಇಲ್ಲ. ಆದ್ರೂ ಎಲೆಕ್ಟ್ರಾನುಗಳು ಸುಮ್ಮನೆ ಕೂರಲ್ಲ, ಓಡಾಡ್ತಾ ಒಂದು ಕ್ಷಣ ಒಂದು ಕಡೆ ಜಾಸ್ತಿ ಸೇರಿಬಿಡುತ್ತವೆ, ಪಕ್ಕದ ಅಣುವಿನ ಎಲೆಕ್ಟ್ರಾನುಗಳು ಅದಕ್ಕೆ ತಕ್ಕ ಹಾಗೆ ಸರಿಯುತ್ತವೆ, ಹೀಗೆ ಕ್ಷಣ ಕ್ಷಣಕ್ಕೂ ಹುಟ್ಟೋ ಸಣ್ಣ ಸೆಳೆತ. 1930ರಲ್ಲಿ ಫ್ರಿಟ್ಜ್ ಲಂಡನ್ ಇದನ್ನ ಲೆಕ್ಕ ಸಮೇತ ವಿವರಿಸಿದ, ಅದಕ್ಕೇ ಲಂಡನ್ ಬಲ ಅಂತಾರೆ. ಇದನ್ನ ಬಹಳ ದುರ್ಬಲ ಅಂತ ತಳ್ಳಿಹಾಕೋರು ಇದ್ದಾರೆ, ನಾನು ಒಪ್ಪಲ್ಲ. ಆಕ್ಟೇನ್ ಕುದಿಯೋದು 126 ಡಿಗ್ರಿಗೆ, ನೀರಿಗಿಂತ ಜಾಸ್ತಿ. ಅಷ್ಟೇ ಎಣಿಕೆಯ ಅಣುಗಳನ್ನ ಆವಿ ಮಾಡಿ ನೋಡಿದ್ರೆ ನೀರಿಗೆ 44 ಕಿಲೋಜೂಲ್ ಬೇಕಾದ್ರೆ ಆಕ್ಟೇನಿಗೆ 41 ಚಿಲ್ಲರೆ ಬೇಕು, ಹತ್ತಿರ ಹತ್ತಿರ ಒಂದೇ. ವ್ಯತ್ಯಾಸ ಇರೋದು ಜಾಗದಲ್ಲಿ, ಒಂದು ಆಕ್ಟೇನ್ ಅಣು ಕೂರೋ ಜಾಗದಲ್ಲಿ ಒಂಬತ್ತು ನೀರಿನ ಅಣು ಕೂರುತ್ತವೆ. ಹಾಗಾಗಿ ಮಿಲಿ ಲೆಕ್ಕದಲ್ಲಿ ನೋಡಿದ್ರೆ ನೀರಿನೊಳಗಿನ ಹಿಡಿತ ಆಕ್ಟೇನಿಗಿಂತ ಸುಮಾರು ಹತ್ತು ಪಟ್ಟು.

ಈಗ ಒಂದು ಎಣ್ಣೆ ಅಣು ನೀರೊಳಗೆ ಹೋಗಬೇಕು ಅಂದ್ರೆ ಅಲ್ಲೊಂದು ಖಾಲಿ ಜಾಗ ಆಗಬೇಕು, ಜಾಗ ಆಗಬೇಕು ಅಂದ್ರೆ ನೀರಿನ ಕೊಂಡಿಗಳು ಮುರೀಬೇಕು, ಅದಕ್ಕೆ ಶಕ್ತಿ ಬೇಕು, ಅದಕ್ಕೇ ಕರಗಲ್ಲ. ಇದು ಸಾಮಾನ್ಯವಾಗಿ ಕೊಡೋ ವಿವರಣೆ. ಕೇಳೋಕೆ ಸರಿಯಾಗೇ ಇದೆ, ಆದ್ರೆ ಅಳೆದು ನೋಡಿದ್ರೆ ಬೇರೆ ಕಥೆ ಬರುತ್ತೆ. ನಮ್ಮ ಅಡುಗೆ ಗ್ಯಾಸಲ್ಲಿರೋ ಬ್ಯೂಟೇನನ್ನ ದ್ರವ ರೂಪದಿಂದ 25 ಡಿಗ್ರಿ ನೀರಿಗೆ ಸೇರಿಸಿದ್ರೆ ಶಕ್ತಿ ಖರ್ಚಾಗಲ್ಲ, ಬದಲಿಗೆ ಸ್ವಲ್ಪ ಬಿಸಿನೇ ಹೊರಗೆ ಬರುತ್ತೆ! ಶಕ್ತಿ ಲೆಕ್ಕದಲ್ಲಿ ಲಾಭನೇ, ಆದ್ರೂ ಕರಗಲ್ಲ. ಹಾಗಾದ್ರೆ ತಡೀತಿರೋದು ಏನು?

ತಡೀತಿರೋದು ಎಂಟ್ರೋಪಿ, ಅಂದ್ರೆ ಅಣುಗಳು ಎಷ್ಟು ಬಗೆಯಲ್ಲಿ ಜೋಡಣೆ ಆಗಬಹುದು ಅನ್ನೋದರ ಅಳತೆ. ನೀರನ್ನ ಒಂದು ದೊಡ್ಡ ಕೋಲಾಟ ಅಂದುಕೊಳ್ಳಿ, ಎಲ್ಲರೂ ಒಬ್ಬರ ಕೋಲಿಗೆ ಒಬ್ಬರು ಹೊಡೀತಾ ಕ್ಷಣಕ್ಕೊಮ್ಮೆ ಜೊತೆ ಬದಲಾಯಿಸ್ತಾ ಇದ್ದಾರೆ. ನೀರಿನ ಅಣುಗಳು ಹೀಗೆ ಜೊತೆ ಬದಲಾಯಿಸೋದು ಸೆಕೆಂಡಿನ ಲಕ್ಷ ಕೋಟಿಯಲ್ಲಿ ಒಂದೆರಡು ಭಾಗದಷ್ಟು ಹೊತ್ತಿಗೊಮ್ಮೆ. ಈ ಆಟದ ಮಧ್ಯೆ ಕೋಲೇ ಇಲ್ಲದವನೊಬ್ಬ ಬಂದು ನಿಂತರೆ ಅವನ ಸುತ್ತ ಇರೋರು ಅವನ ಕಡೆ ಕೋಲು ಬೀಸೋ ಹಾಗಿಲ್ಲ, ಬೀಸಿದ್ರೆ ಹೊಡೆತ ಖಾಲಿ ಹೋಗುತ್ತೆ, ಹಾಗಾಗಿ ಅವನಿಗೆ ಪಕ್ಕೆ ಕೊಟ್ಟು ತಿರುಗಿ ನಿಂತು ಅಕ್ಕಪಕ್ಕದವರ ಜೊತೆ ಮಾತ್ರ ಆಡಬೇಕು. ಆಟ ನಿಂತಿಲ್ಲ, ಜೊತೆ ಇಲ್ಲದೆ ಯಾರೂ ಉಳಿದಿಲ್ಲ, ಆದ್ರೆ ಎಲ್ಲಿ ಬೇಕಾದ್ರೂ ತಿರುಗಬಹುದಾಗಿದ್ದ ಸ್ವಾತಂತ್ರ್ಯ ಹೋಯ್ತು. ಎಣ್ಣೆ ಅಣುವಿನ ಸುತ್ತ ನೀರಿಗೂ ಇದೇ ಆಗೋದು, ಕೊಂಡಿಗಳು ಬಹುಪಾಲು ಹಾಗೇ ಉಳಿಯುತ್ತವೆ, ಆದ್ರೆ ಆ ಅಣುಗಳು ನಿಲ್ಲಬಹುದಾದ ಭಂಗಿಗಳು ಕಡಿಮೆ ಆಗುತ್ತವೆ. ಪ್ರಕೃತಿ ಜಾಸ್ತಿ ಬಗೆಯ ಜೋಡಣೆ ಸಾಧ್ಯ ಇರೋ ಕಡೆಗೇ ಹೋಗುತ್ತೆ, ಹಾಗಾಗಿ ಎಣ್ಣೆ ಅಣುಗಳು ಒಂದು ಕಡೆ ಸೇರಿಕೊಂಡರೆ ನೀರಿಗೆ ತಾಗೋ ಜಾಗ ಕಡಿಮೆ ಆಗಿ ಕಟ್ಟಿಹಾಕಿಸಿಕೊಂಡಿದ್ದ ನೀರು ಬಿಡುಗಡೆ ಆಗುತ್ತೆ. ಕುಲುಕಿದ ಬಾಟಲಿಯಲ್ಲಿ ಸಣ್ಣ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗೋದಕ್ಕೆ ಇದೇ ಕಾರಣ, ಆಮೇಲೆ ಅದು ಮೇಲೆ ಬರೋದು ಮಾತ್ರ ಬರೀ ಹಗುರ ಅನ್ನೋ ಕಾರಣಕ್ಕೆ.

ಒಂದು ಮಿತಿನೂ ಹೇಳಬೇಕು. ಈ ತಿರುಗಿ ನಿಲ್ಲೋ ಉಪಾಯ ನಡೆಯೋದು ಒಳಗೆ ಬಂದ ಅಣು ಚಿಕ್ಕದಾಗಿದ್ರೆ ಮಾತ್ರ. ಅಗಲ ಒಂದು ನ್ಯಾನೋಮೀಟರ್ ದಾಟಿ ದೊಡ್ಡ ಹನಿಯೇ ಆಗಿಬಿಟ್ಟರೆ ಅದರ ಮೈಗೆ ತಾಗಿರೋ ನೀರು ಹೇಗೆ ತಿರುಗಿದ್ರೂ ಕೆಲವು ಕೊಂಡಿ ಕಳಕೊಳ್ಳಲೇಬೇಕು, ಆಗ ಶಕ್ತಿಯ ಖರ್ಚೂ ನಿಜವಾಗಿ ಬರುತ್ತೆ. ಎರಡೂ ಲೆಕ್ಕ ಎಣ್ಣೆಗೆ ವಿರುದ್ಧವೇ.

ಹಾಗಂತ ಕರಗೋದು ಪೂರ್ತಿ ಸೊನ್ನೆನೂ ಅಲ್ಲ. ಒಂದು ಲೀಟರ್ ನೀರಲ್ಲಿ ಐದು ಕಾರ್ಬನ್ನಿನ ಪೆಂಟೇನ್ ಸುಮಾರು 40 ಮಿಲಿಗ್ರಾಂ ಕರಗುತ್ತೆ, ಆರು ಕಾರ್ಬನ್ನಿನ ಹೆಕ್ಸೇನ್ ಸುಮಾರು 10, ಎಂಟರ ಆಕ್ಟೇನಿಗೆ ಬಂದರೆ 1ಕ್ಕಿಂತ ಕಡಿಮೆ. ಒಂದೊಂದು ಕಾರ್ಬನ್ ಜಾಸ್ತಿ ಆದ ಹಾಗೆ ಹತ್ತಿರ ಹತ್ತಿರ ನಾಲ್ಕನೇ ಒಂದು ಭಾಗಕ್ಕೆ ಇಳೀತಾ ಹೋಗುತ್ತೆ. 18 ಕಾರ್ಬನ್ನಿನ ಮೂರು ಬಾಲ ಇರೋ ಅಡುಗೆ ಎಣ್ಣೆ ಎಲ್ಲಿಗೆ ಬಂದು ನಿಲ್ಲುತ್ತೆ ಅಂತ ಊಹೆ ಮಾಡಿಕೊಳ್ಳಿ.

ಈಗ ಪೆಟ್ರೋಲಿಗೆ ಬನ್ನಿ. ಪೆಟ್ರೋಲ್ ಅಂದ್ರೆ ಒಂದೇ ವಸ್ತು ಅಲ್ಲ, ನಾಲ್ಕರಿಂದ ಹನ್ನೆರಡು ಕಾರ್ಬನ್ ಇರೋ ನೂರಾರು ಬಗೆಯ ಅಣುಗಳ ಮಿಶ್ರಣ, ಹೆಚ್ಚಿನವು ಆ ಎಣ್ಣೆಯ ಬಾಲದ ಥರದ್ದೇ ತುಂಡುಗಳು. ಇಲ್ಲಿ ಎಣ್ಣೆ ಅಣುವಿಗೆ ಜಾಗ ಮಾಡಿಕೊಡೋಕೆ ಪೆಟ್ರೋಲ್ ಒಂದಿಷ್ಟು ಲಂಡನ್ ಸೆಳೆತ ಬಿಡಬೇಕು, ಎಣ್ಣೆನೂ ಅಷ್ಟೇ ಬಿಡಬೇಕು, ಸೇರಿದ ಮೇಲೆ ಇಬ್ಬರಿಗೂ ಬಿಟ್ಟಷ್ಟೇ ವಾಪಸ್ ಸಿಗುತ್ತೆ. ಶಕ್ತಿ ಲೆಕ್ಕದಲ್ಲಿ ಲಾಭವೂ ಇಲ್ಲ ನಷ್ಟವೂ ಇಲ್ಲ. ಹೀಗಿದ್ದಾಗ ಉಳಿಯೋದು ಎಂಟ್ರೋಪಿ ಒಂದೇ, ಅದು ಇಲ್ಲಿ ಕರಗೋದರ ಪರವಾಗಿದೆ, ಯಾಕಂದ್ರೆ ಎಣ್ಣೆ ಒಂದು ಕಡೆ ಪೆಟ್ರೋಲ್ ಒಂದು ಕಡೆ ಅಂತ ಕೂರೋದಕ್ಕಿಂತ ಎರಡೂ ಕಲೆತು ಕೂರೋ ವಿಧಗಳು ಲೆಕ್ಕವಿಲ್ಲದಷ್ಟು ಜಾಸ್ತಿ. ಪೆಟ್ರೋಲಿಗೆ ಎಣ್ಣೆ ಮೇಲೆ ವಿಶೇಷ ಪ್ರೀತಿ ಏನಿಲ್ಲ, ತಡೆಯೋರು ಯಾರೂ ಇಲ್ಲ ಅಷ್ಟೇ. ಎಣ್ಣೆ ಗಿರಣಿಯಿಂದ ಬಂದ ಹಿಂಡಿಯಲ್ಲಿ ಉಳಿದಿರೋ ಎಣ್ಣೆನ ಸಾಲ್ವೆಂಟ್ ಫ್ಯಾಕ್ಟರಿಗಳಲ್ಲಿ ಹೆಕ್ಸೇನ್ ಹಾಕಿ ತೆಗೆಯೋದು ಇದೇ ಲೆಕ್ಕದ ಮೇಲೆ, ಹೆಕ್ಸೇನ್ 69 ಡಿಗ್ರಿಗೇ ಕುದಿಯೋದ್ರಿಂದ ಆಮೇಲೆ ಆವಿ ಮಾಡಿ ಬೇರೆ ಮಾಡೋದೂ ಸುಲಭ.

ಆದ್ರೆ ಒಂದೇ ಥರ ಇದ್ದ ಮಾತ್ರಕ್ಕೆ ಕರಗಲೇಬೇಕು ಅಂತಲೂ ಇಲ್ಲ. ಪೆಟ್ರೋಲ್ ತುಂಬೋ ಪ್ಲಾಸ್ಟಿಕ್ ಕ್ಯಾನ್ ಪಾಲಿಥೀನಿಂದ ಮಾಡಿದ್ದು, ಅದೂ ಬರೀ ಕಾರ್ಬನ್ ಹೈಡ್ರೋಜನ್ ಸರಪಳಿನೇ, ಆದ್ರೂ ಪೆಟ್ರೋಲಲ್ಲಿ ಕರಗಲ್ಲ. ಸರಪಳಿಗಳು ಸಾವಿರಾರು ಕಾರ್ಬನ್ ಉದ್ದ ಇದ್ದು, ಅಚ್ಚುಕಟ್ಟಾಗಿ ಹರಳಿನ ಥರ ಮಡಚಿ ಕೂತಿರುತ್ತವೆ, ಆ ಹರಳು ಬಿಡಿಸೋಕೆ ಶಕ್ತಿ ಬೇಕು, ಅಷ್ಟುದ್ದದ ಸರಪಳಿ ಕಲೆತರೆ ಸಿಗೋ ಎಂಟ್ರೋಪಿ ಲಾಭವೂ ಕಮ್ಮಿ. ಥರ್ಮಾಕೋಲಲ್ಲಿ ಹರಳು ಇಲ್ಲ, ಅದನ್ನ ಪೆಟ್ರೋಲಿಗೆ ಹಾಕಿದ್ರೆ ಕಣ್ಣೆದುರೇ ಕುಸಿದು ಅಂಟಾಗಿ ಹೋಗುತ್ತೆ.

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ, ನಮ್ಮ ಹರಳೆಣ್ಣೆ. ನೋಡೋಕೆ ಎಣ್ಣೆನೇ, ಮೂರು ಬಾಲ, 18 ಕಾರ್ಬನ್, ಎಲ್ಲಾ ಅದೇ. ಆದ್ರೆ ಬಹುಪಾಲು ಬಾಲಗಳಲ್ಲಿ 12ನೇ ಕಾರ್ಬನ್ನಿಗೆ ಒಂದು OH ಗುಂಪು ಅಂಟಿಕೊಂಡಿದೆ, ನೀರಲ್ಲೂ ಆಲ್ಕೋಹಾಲಲ್ಲೂ ಇರೋದು ಅದೇ ಥರದ ಗುಂಪು. ಇಷ್ಟು ಸಣ್ಣ ಬದಲಾವಣೆಗೆ ಹರಳೆಣ್ಣೆಯ ಸ್ವಭಾವನೇ ತಿರುಗಿದೆ, ಕಡಲೆಕಾಯಿ ಎಣ್ಣೆ ಸರಿಯಾಗಿ ಕರಗದ ಆಲ್ಕೋಹಾಲಲ್ಲಿ ಇದು ಪೂರ್ತಿ ಕರಗುತ್ತೆ, ಕಡಲೆಕಾಯಿ ಎಣ್ಣೆ ಆರಾಮಾಗಿ ಕರಗೋ ಹೆಕ್ಸೇನಿನಂಥ ಪೆಟ್ರೋಲ್ ಭಾಗದಲ್ಲಿ ಇದು ಸುಲಭಕ್ಕೆ ಕರಗಲ್ಲ. ಹರಳೆಣ್ಣೆಯ OHಗಳು ತಮ್ಮತಮ್ಮಲ್ಲೇ ಕೊಂಡಿ ಹಾಕಿಕೊಂಡಿರುತ್ತವೆ, ಅದನ್ನ ಬಿಡಿಸಿದ್ದಕ್ಕೆ ಬದಲಾಗಿ ಕೊಡೋಕೆ ಹೆಕ್ಸೇನ್ ಹತ್ರ ಏನೂ ಇಲ್ಲ. ಮೊದಲನೇ ಮಹಾಯುದ್ಧದ ವಿಮಾನಗಳ ನೋಮ್, ಲ ರೋನ್ ಅನ್ನೋ ರೋಟರಿ ಎಂಜಿನ್ನುಗಳಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕ್ ಇರೋ ಗೂಡಾದ ಕ್ರ್ಯಾಂಕ್‌ಕೇಸಿನ ಮೂಲಕವೇ ಹೋಗ್ತಿತ್ತು, ಅಲ್ಲಿ ಮಾಮೂಲಿ ಆಯಿಲ್ ಹಾಕಿದ್ರೆ ಪೆಟ್ರೋಲಲ್ಲಿ ಕರಗಿ ತೆಳ್ಳಗಾಗಿ ಎಂಜಿನ್ ಸವೆದು ಹೋಗೋದು, ಅದಕ್ಕೇ ಅವರು ಹರಳೆಣ್ಣೆ ಹಾಕ್ತಿದ್ರು.

ಆಲ್ಕೋಹಾಲ್ ಮಾತು ಬಂತಲ್ಲ, ಎಥನಾಲ್ ಎರಡೂ ಕಡೆ ಕಾಲಿಟ್ಟ ಅಣು. ಒಂದು ತುದಿಯಲ್ಲಿ OH, ಅದು ನೀರಿನ ಕೊಂಡಿಯಲ್ಲಿ ಸೇರಿಕೊಳ್ಳುತ್ತೆ, ಇನ್ನೊಂದು ತುದಿ ಎರಡು ಕಾರ್ಬನ್ನಿನ ಚೋಟು ಬಾಲ. ಹಾಗಾಗಿ ನೀರಲ್ಲೂ ಎಷ್ಟು ಬೇಕಾದ್ರೂ ಕರಗುತ್ತೆ, ಒಣ ಪೆಟ್ರೋಲಲ್ಲೂ ಕರಗುತ್ತೆ. ಈಗ ನಮ್ಮ ಬಂಕುಗಳಲ್ಲಿ ಸಿಗೋ E20 ಅಂದ್ರೆ ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು, 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲೇ ಇದನ್ನ ಶುರು ಮಾಡಿದ್ದು. ಒಣಗಿದ್ದಾಗ ಏನೂ ತೊಂದರೆ ಇಲ್ಲ, ಎಲ್ಲಾ ಒಂದೇ ದ್ರವ. ಸ್ವಲ್ಪ ನೀರು ಸೇರಿದ್ರೂ ಎಥನಾಲ್ ಅದನ್ನ ಹಿಡಿದಿಟ್ಟುಕೊಳ್ಳುತ್ತೆ. ಆದ್ರೆ ಒಂದು ಮಿತಿ ದಾಟಿದ ತಕ್ಷಣ ಎಥನಾಲ್ ಪೆಟ್ರೋಲ್ ಬಿಟ್ಟು ನೀರಿನ ಕಡೆ ಹೋಗಿಬಿಡುತ್ತೆ, ಯಾಕಂದ್ರೆ OHಗೆ ಕೊಂಡಿ ಹಾಕೋಕೆ ಜೊತೆ ಸಿಗೋದು ಅಲ್ಲಿ. ಟ್ಯಾಂಕಿನ ತಳದಲ್ಲಿ ನೀರು ಮತ್ತು ಎಥನಾಲಿನ ಬೇರೆ ಪದರ ಕಟ್ಟುತ್ತೆ.

ಇದನ್ನೇ ಬಳಸಿಕೊಂಡು ಬ್ರೆಜಿಲ್ಲಿನ ಬಂಕುಗಳಲ್ಲಿ ಪೆಟ್ರೋಲಲ್ಲಿ ಎಷ್ಟು ಎಥನಾಲ್ ಇದೆ ಅಂತ ನೋಡ್ತಾರೆ. 100 ಮಿಲಿಯ ಅಳತೆ ಸಿಲಿಂಡರಲ್ಲಿ 50 ಮಿಲಿ ಪೆಟ್ರೋಲ್, ಅದರ ಮೇಲೆ ನೂರಕ್ಕೆ ಹತ್ತರಷ್ಟು ಉಪ್ಪು ಕರಗಿಸಿದ ನೀರು 50 ಮಿಲಿ, ಮುಚ್ಚಿ ನಿಧಾನಕ್ಕೆ ಹತ್ತು ಸಲ ತಲೆಕೆಳಗು ಮಾಡಿ ಸುಮಾರು ಕಾಲು ಗಂಟೆ ಬಿಡೋದು. ಎಥನಾಲ್ ಎಲ್ಲಾ ನೀರಿಗೆ ಇಳಿದಿರುತ್ತೆ, ಕೆಳಗಿನ ಪದರ 50ರಿಂದ ಮೇಲೆ ಏರಿರುತ್ತೆ. ಏರಿದ್ದನ್ನ ಎರಡರಿಂದ ಗುಣಿಸಿ ಒಂದು ಕೂಡಿಸಿದ್ರೆ ಶೇಕಡಾ ಎಥನಾಲ್. 59.5ಕ್ಕೆ ಬಂದಿದ್ರೆ ಏರಿಕೆ 9.5, ಎರಡರಿಂದ ಗುಣಿಸಿದ್ರೆ 19, ಒಂದು ಸೇರಿಸಿದ್ರೆ 20. ಆ ಒಂದು ಸೇರಿಸೋದು ಯಾಕಂದ್ರೆ ನೀರು ಮತ್ತು ಎಥನಾಲ್ ಸೇರಿದಾಗ ಒಟ್ಟು ಗಾತ್ರ ಸ್ವಲ್ಪ ಕುಗ್ಗುತ್ತೆ. ಮನೇಲಿ ಮಾಡಬೇಡಿ, ಪೆಟ್ರೋಲ್ ಆವಿ ದೂರದ ಕಿಡಿಗೂ ಹತ್ತಿಕೊಳ್ಳುತ್ತೆ.

ಮಳೆಗಾಲದಲ್ಲಿ ಟ್ಯಾಂಕಿಗೆ ನೀರು ಇಳಿದು ಗಾಡಿ ಕೆಮ್ಮೋಕೆ ಶುರು ಮಾಡಿದ್ರೆ ಮೆಕ್ಯಾನಿಕ್ ತಳದಿಂದ ಸ್ವಲ್ಪ ಪೆಟ್ರೋಲ್ ಬಾಟಲಿಗೆ ಇಳಿಸಿ ನೋಡ್ತಾರೆ, ಕೆಳಗೆ ಬೇರೆ ಪದರ ಕಂಡರೆ ಅದು ಬರೀ ನೀರಲ್ಲ, ಟ್ಯಾಂಕಿಗೆ ಬಿದ್ದ ನೀರಿಗಿಂತ ಜಾಸ್ತಿನೇ ಇರುತ್ತೆ, ಎಥನಾಲ್ ಸೇರಿಕೊಂಡಿರೋದ್ರಿಂದ. ಹಳೇ ಪೆಟ್ರೋಲಿನ ಕಾಲದಲ್ಲಿ ಕೆಳಗಿನ ನೀರು ಬಸಿದು ಮೇಲಿನದ್ದು ಓಡಿಸಿದ್ರೆ ನಡೀತಿತ್ತು. E20 ಪದರ ಬಿಟ್ಟಿದ್ರೆ ಮೇಲೆ ಉಳಿದಿರೋ ಪೆಟ್ರೋಲ್ ತನ್ನ ಎಥನಾಲ್ ಕಳಕೊಂಡಿರುತ್ತೆ, ಅದರ ಜೊತೆಗೇ ನಾಕಿಂಗ್ ತಡೆಯೋ ಗುಣ ಅಳೆಯೋ ಆಕ್ಟೇನ್ ರೇಟಿಂಗೂ ಇಳಿದಿರುತ್ತೆ, ಎಂಜಿನ್ ಕಟಕಟ ಅನ್ನೋ ನಾಕಿಂಗ್ ಶುರು ಆಗಬಹುದು, ಹಾಗಾಗಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಣಗಿಸಿ ಹೊಸದು ತುಂಬಿಸೋದೇ ಸರಿ.